ಐದೇ ನಿಮಿಷಕ್ಕೆ ಕರೆಂಟ್ ಕೆಡವುವ ಗೀಸರ್: ಕಾಯಿಲ್ ಹೋಗಿದೆಯೋ, ಥರ್ಮೋಸ್ಟ್ಯಾಟೋ?

ಪ್ರಶ್ನೆ: ನಮ್ಮದು ವಿಜಯಪುರ, ಮನೆಗೆ ಬೋರ್ ನೀರು. 15 ಲೀಟರಿನ ಗೀಸರ್ ಐತ್ರಿ, 2000 ವ್ಯಾಟ್. ಮುಂಜಾನೆ ಹಚ್ಚಿದ್ರ ಐದು ನಿಮಿಷಕ್ಕ ಇಡೀ ಮನೀ ಕರೆಂಟ್ ಬೀಳತೈತಿ. ಸಂಜಿಕ ಮೆಕ್ಯಾನಿಕ್ ಬಂದು ಚೆಕ್ ಮಾಡಿದ್ರ ಎಲ್ಲಾ ಸರಿ ತೋರಸತೈತಿ. ಕಾಯಿಲ್, ಥರ್ಮೋಸ್ಟ್ಯಾಟ್ ಎರಡೂ ಬದಲಾಯಿಸೋಣ ಅಂತಾರ. ನಿಜವಾಗಿ ಯಾವುದು ಕೆಟ್ಟೈತಿ ಅಂತ ತಿಳಿಯೋದು ಹೆಂಗ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ, ಆ ಐದು ನಿಮಿಷದಲ್ಲಿ. 15 ಲೀಟರ್ ತಣ್ಣೀರನ್ನು 2000 ವ್ಯಾಟಿನ ಕಾಯಿಲ್ 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 18 ನಿಮಿಷ ಬೇಕು. ಅಂದರೆ ಐದನೇ ನಿಮಿಷದಲ್ಲಿ ಥರ್ಮೋಸ್ಟ್ಯಾಟಿಗೆ ಇನ್ನೂ ಕೆಲಸವೇ ಬಂದಿಲ್ಲ. ಕಾಯಿಲ್ ಮಾತ್ರ ಚೆನ್ನಾಗಿ ಕಾದಿದೆ. ಅಲ್ಲದೆ ಥರ್ಮೋಸ್ಟ್ಯಾಟ್ ಕೆಟ್ಟರೆ ಸಾಮಾನ್ಯವಾಗಿ ನೀರು ಕಾಯುವುದೇ ಇಲ್ಲ, ಇಲ್ಲಾ ಕಾಯುತ್ತಲೇ ಇರುತ್ತದೆ. ಮನೆಯ ಕರೆಂಟ್ ಬೀಳುವುದು ಅದರಿಂದ ಅಪರೂಪ. ಹಾಗಾಗಿ ನನ್ನ ಅನುಮಾನ ಮೊದಲೇ ಕಾಯಿಲ್ ಮೇಲೆ. ಆದರೆ ಅನುಮಾನದ ಮೇಲೆ ಸಾಮಾನು ತರಬಾರದು, ಅಳೆದು ನೋಡಿ ತರಬೇಕು.

ಅಳೆಯುವ ಮುಂಚೆ ಕರೆಂಟ್ ಬೇರ್ಪಡಿಸಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಆ ಸ್ವಿಚ್ ಒಂದೇ ವೈರನ್ನು ಕಡಿಯುತ್ತದೆ. ಹಳೆ ವೈರಿಂಗಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಕಾಯಿಲ್‌ನಲ್ಲಿ ಕರೆಂಟ್ ಇರುತ್ತದೆ. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ಕೈಗೆ ತೆಗೆದುಕೊಳ್ಳಿ. ಪ್ಲಗ್ ಕಣ್ಣೆದುರು ಇದ್ದರೆ ಯಾರೂ ಗೊತ್ತಿಲ್ಲದೆ ಆನ್ ಮಾಡಲಾರರು.

ಪ್ಲಗ್ ಇಲ್ಲದೆ ನೇರ ವೈರ್ ಕೊಟ್ಟಿದ್ದರೆ ಎರಡೂ ವೈರ್ ಕಡಿಯುವ ಡಬಲ್ ಪೋಲ್ ಎಂಸಿಬಿ ಇಳಿಸಿ, ಅದರ ಮೇಲೆ ಟೇಪ್ ಸುತ್ತಿ, ಮನೆಯವರಿಗೆಲ್ಲ ಹೇಳಿಡಿ. ಆಮೇಲೆ ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಹಾಕಿ, ಕರೆಂಟ್ ಇರುವ ಬೇರೆ ಸಾಕೆಟ್‌ನಲ್ಲಿಟ್ಟು ಅದು ಸರಿ ಇದೆಯೆಂದು ನೋಡಿ. ಗೀಸರಿನ ಕಡೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಸೊನ್ನೆ ಬರಬೇಕು. ಮತ್ತೆ ಅದೇ ಸಾಕೆಟ್‌ಗೆ ಹೋಗಿ ಮೀಟರ್ ನೋಡಿಕೊಳ್ಳಿ. ಮಧ್ಯೆ ಮೀಟರೇ ಸತ್ತಿದ್ದರೂ ಅದು ಸೊನ್ನೆ ತೋರಿಸುತ್ತೆ ಅಲ್ವಾ? ದೀಪ ಹೊತ್ತುವ ಟೆಸ್ಟರ್ ಸ್ಕ್ರೂ ಡ್ರೈವರ್ ಈ ಕೆಲಸಕ್ಕೆ ಬೇಡ.

ಈಗ ಗೀಸರ್ ಬಿಚ್ಚದೆಯೇ ಪ್ಲಗ್‌ನಲ್ಲೇ ಎರಡು ಅಳತೆ ತೆಗೆಯಬಹುದು. ಗೀಸರಿನ ಮೇಲೆಯೇ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿಟ್ಟುಕೊಳ್ಳಿ. ಮೀಟರನ್ನು ಓಮ್‌ಗೆ ಹಾಕಿ ಫೇಸ್ ಮತ್ತು ನ್ಯೂಟ್ರಲ್ ಪಿನ್‌ಗಳ ನಡುವೆ ಹಿಡಿಯಿರಿ. 230 ವೋಲ್ಟಿಗೆ 2000 ವ್ಯಾಟಿನ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. 3000 ವ್ಯಾಟಿನದಾದರೆ ಸುಮಾರು 18. ನೀರು ತಣ್ಣಗಿರುವಾಗ ಇಷ್ಟು ಬಂದರೆ ಕಾಯಿಲ್, ಥರ್ಮೋಸ್ಟ್ಯಾಟ್, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟ್ ಮೂರರಲ್ಲೂ ಕರೆಂಟ್ ಹರಿಯುವ ದಾರಿ ತೆರೆದಿದೆ ಅಂತ ಅರ್ಥ. ಏನೂ ಬರದಿದ್ದರೆ ಮೂರರಲ್ಲಿ ಒಂದು ತುಂಡಾಗಿದೆ. ನಿಮ್ಮ ಮೆಕ್ಯಾನಿಕ್ ಬಹುಶಃ ಇಷ್ಟು ನೋಡಿ 'ಸರಿ ಇದೆ' ಅಂದಿರಬೇಕು.

ನಿಮ್ಮ ಕೇಸಿಗೆ ಮುಖ್ಯವಾದದ್ದು ಎರಡನೇ ಅಳತೆ: ಫೇಸ್ ಪಿನ್‌ನಿಂದ ದಪ್ಪನೆಯ ಅರ್ಥ್ ಪಿನ್‌ಗೆ, ಆಮೇಲೆ ನ್ಯೂಟ್ರಲ್‌ನಿಂದ ಅರ್ಥ್‌ಗೆ. ಇಲ್ಲಿ ಮೆಗಾಓಮ್‌ಗಳಲ್ಲಿ ಬರಬೇಕು, ಕಡಿಮೆಯೆಂದರೂ 1 ಮೆಗಾಓಮ್, ಅಂದರೆ 10 ಲಕ್ಷ ಓಮ್. ಇದನ್ನು ಎರಡು ಸಲ ಮಾಡಿ, ಕರೆಂಟ್ ಬಿದ್ದ ತಕ್ಷಣ ಪ್ಲಗ್ ಕಿತ್ತು ಒಮ್ಮೆ, ಪೂರ್ತಿ ಆರಿದ ಮೇಲೆ ಇನ್ನೊಮ್ಮೆ. ಉದಾಹರಣೆಗೆ ಆರಿದಾಗ 4 ಲಕ್ಷ ಓಮ್ ಬಂತು ಅಂದುಕೊಳ್ಳಿ. 230 ವೋಲ್ಟಿಗೆ ಸೋರಿಕೆ 1 ಮಿಲಿಆಂಪ್ ಕೂಡ ಆಗಲ್ಲ, ಕರೆಂಟ್ ಬೀಳಲ್ಲ. ಬಿಸಿಯಿದ್ದಾಗ 12 ಸಾವಿರಕ್ಕೆ ಇಳಿದರೆ ಸೋರಿಕೆ 19 ಮಿಲಿಆಂಪ್. ಸೋರಿಕೆ ಕಂಡರೆ ಕರೆಂಟ್ ಕಡಿಯುವ, ಮನೆಯಲ್ಲಿರುವ 30 ಮಿಲಿಆಂಪಿನ ಆರ್‌ಸಿಸಿಬಿ 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಮುಂಜಾನೆ ಬಿದ್ದು ಸಂಜೆ ಸರಿ ಕಾಣುವುದು ಹೀಗೆ.

ಕಾಯಿಲ್‌ನ ಹೊರಗಿನ ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದಿರುತ್ತದೆ. ಕಾದಾಗ ಹಿಗ್ಗಿ ಬಾಯಿ ಬಿಡುತ್ತದೆ, ಕರೆಂಟ್ ಹೊರಗೆ ಬರದಂತೆ ತಡೆಯುವ ಒಳಗಿನ ಬಿಳಿ ಪುಡಿಗೆ ನೀರು ಇಳಿಯುತ್ತದೆ. ಬೋರ್ ನೀರಿನ ಸುಣ್ಣ ಕೊಳವೆಗೆ ಕಟ್ಟಿಕೊಂಡರೆ ಕಾವು ನೀರಿಗೆ ಹೋಗದೆ ಕೊಳವೆಯೇ ಸುಡುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಒಂದು ಮಿತಿ ನೆನಪಿರಲಿ: ಮಲ್ಟಿಮೀಟರಿನ ಪುಟ್ಟ ಬ್ಯಾಟರಿಗೆ ಸಣ್ಣ ಸೋರಿಕೆ ಕಾಣದೇ ಹೋಗಬಹುದು. ಸಂಶಯ ಉಳಿದರೆ 500 ವೋಲ್ಟ್ ಹಾಕಿ ಸೋರಿಕೆ ಅಳೆಯುವ ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್‌ಗೆ ಹೇಳಿ.

ಕಾಯಿಲ್‌ನದೇ ತಪ್ಪು ಅಂತ ಖಚಿತ ಮಾಡಲು ಕೆಳಗಿನ ಮುಚ್ಚಳ ತೆಗೆಯಿರಿ. ವೈರುಗಳ ಫೋಟೊ ತೆಗೆದುಕೊಂಡು ಕಾಯಿಲ್‌ನ ಎರಡು ವೈರ್ ಬಿಚ್ಚಿ, ಅದರ ತುದಿಯಿಂದ ಗೀಸರಿನ ಬಾಡಿಗೆ ಅಳೆಯಿರಿ. ಅಲ್ಲೂ ಕಡಿಮೆ ಬಂದು, ಉಳಿದ ವೈರಿಂಗ್ ಸರಿ ಬಂದರೆ ಮುಗಿಯಿತು, ಬದಲಾಯಿಸಬೇಕಾದ್ದು ಕಾಯಿಲ್ ಮಾತ್ರ.

ಥರ್ಮೋಸ್ಟ್ಯಾಟ್ ಎಳೆದು ತೆಗೆದಾಗ ಅದನ್ನೂ ನೋಡಿಬಿಡಿ. ತಣ್ಣಗಿದ್ದಾಗ ಅದರ ಎರಡು ತುದಿಗಳ ನಡುವೆ ಸೊನ್ನೆ ಓಮ್ ಹತ್ತಿರ ಬರಬೇಕು. ಕಡ್ಡಿಯನ್ನಷ್ಟೇ ಕುದಿಯುವ ನೀರಲ್ಲಿ ಅದ್ದಿ, ತಲೆಭಾಗ ಒದ್ದೆಯಾಗದಿರಲಿ. ಸ್ವಲ್ಪ ಹೊತ್ತಿಗೆ 'ಟಕ್' ಎಂದು ಮೀಟರಿನಲ್ಲಿ ದಾರಿ ಕಡಿಯಬೇಕು, ಆರಿದರೆ ಮತ್ತೆ ಕೂಡಬೇಕು. ಕೂಡದಿದ್ದರೆ, ಕಡಿಯದಿದ್ದರೆ ಬದಲಿಸಿ. ಕಟ್‌ಔಟನ್ನು ಮಾತ್ರ ಯಾವತ್ತೂ ಶಾರ್ಟ್ ಮಾಡಿ ಓಡಿಸಬೇಡಿ.

ಬದಲಾಯಿಸುವಾಗ ನೀರು ಆರಲು ಬಿಡಿ, ಒಳಬರುವ ನೀರು ಬಂದ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಡಿ. ಆದರೂ ನೀರು ಇಳಿಯುವುದಿಲ್ಲ, ಯಾಕೆಂದರೆ ತಣ್ಣೀರಿನ ಬಾಯಿಯ ಸೇಫ್ಟಿ ವಾಲ್ವ್ ನೀರನ್ನು ಹಿಂದಕ್ಕೆ ಬಿಡಲ್ಲ. ವಾಲ್ವನ್ನೇ ಬಿಚ್ಚಿ ಕೆಳಗೆ ಬಕೆಟ್ ಹಿಡಿಯಿರಿ. ಹಳೆ ಕಾಯಿಲ್ ಅಂಗಡಿಗೇ ಒಯ್ದು ಅದೇ ವ್ಯಾಟ್, ಅದೇ ತಳದ ಅಳತೆಯದು ತನ್ನಿ. ಗ್ಯಾಸ್ಕೆಟ್ ಹೊಸದೇ ಇರಲಿ. ಸುಣ್ಣ ಕೆರೆದು, ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಅದನ್ನೂ ಬದಲಿಸಿ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಒಂದೇ ಕಡೆ ಬಿಗಿದರೆ ಸೋರುತ್ತದೆ.

ವೈರ್ ಜೋಡಿಸಿ ಮುಚ್ಚಳ ಹಾಕುವ ಮುಂಚೆ ನೀರು ತುಂಬಿಸಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬಿಡದೆ ನೀರು ಒಂದೇ ಸಮ ಬರುವ ತನಕ ಕರೆಂಟ್ ಕೊಡಬೇಡಿ, ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ನಿಮಿಷದಲ್ಲೇ ಸುಟ್ಟುಹೋಗುತ್ತದೆ. ಸೋರಿಕೆ ಇಲ್ಲದಿದ್ದರೆ ಮುಚ್ಚಳ ಹಾಕಿ ಪ್ಲಗ್‌ನಲ್ಲಿ ಮೊದಲಿನ ಎರಡು ಅಳತೆ ಮತ್ತೆ ತೆಗೆದು, ಆಮೇಲೆ ಪ್ಲಗ್ ಹಾಕಿ.

ಕೆಲವರು ಬೇರೆ ದಾರಿ ಹೇಳುತ್ತಾರೆ: ಹಸಿರು ವೈರ್ ಕತ್ತರಿಸಿಬಿಡಿ, ಕರೆಂಟ್ ಬೀಳಲ್ಲ ಅಂತ. ಬೀಳಲ್ಲ, ನಿಜ. ಆದರೆ ಸೋರಿದ ಕರೆಂಟ್ ಗೀಸರಿನ ಬಾಡಿ ಮತ್ತು ನಲ್ಲಿಯಲ್ಲೇ ನಿಂತು, ಒದ್ದೆ ಕೈ ಮುಟ್ಟುವುದನ್ನು ಕಾಯುತ್ತಿರುತ್ತದೆ. ಹಾಗೆ ಹೇಳಿದವರಿಂದ ಗೀಸರ್ ಮುಟ್ಟಿಸಬೇಡಿ. ಪ್ಲಗ್ ಅಥವಾ ವೈರ್ ಕರಕಾಗಿದ್ದರೆ, ಇಲ್ಲವೇ ಸಾಕೆಟ್‌ನಲ್ಲಿ ಅರ್ಥ್ ಇಲ್ಲದಿದ್ದರೆ ನೀವೂ ಅಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮೊದಲು ಅದನ್ನು ಸರಿಪಡಿಸಲಿ.