ಈಸ್ಟ್ರೋಜನ್ ಕಡಿಮೆಯಾದದ್ದು ಏಕೆ? ಋತುಚಕ್ರ, ಬಾಣಂತನ ಮತ್ತು ಋತುಬಂಧದಲ್ಲಿ ಕಾಮಾಸಕ್ತಿ

ಹೆಣ್ಣಿನ ಕಾಮಾಸಕ್ತಿಯ ಏರಿಳಿತಕ್ಕೆ ಟೆಸ್ಟೋಸ್ಟರಾನ್ ಒಂದೇ ಕಾರಣ ಎಂಬ ನಂಬಿಕೆಯೊಂದಿಗೆ ನಾನು ಹಾರ್ಮೋನುಗಳು ಮತ್ತು ಕಾಮಾಸಕ್ತಿಯ ಕುರಿತ ಪಠ್ಯದ ಅಧ್ಯಾಯವನ್ನು ಓದಲು ತೊಡಗಿದೆ. ಋತುಚಕ್ರ, ಬಾಣಂತನ, ಋತುಬಂಧ ಎಂಬ ಮೂರು ಸ್ಥಿತಿಗಳಲ್ಲಿಯೂ ಆ ಒಂದೇ ಉತ್ತರವನ್ನು ಹೊಂದಿಸಲು ಹೋಗಿ ಪ್ರತಿ ಬಾರಿಯೂ ಲೆಕ್ಕ ತಪ್ಪಿತು. ಎಲ್ಲಿ ತಪ್ಪಿತು ಎಂಬುದು ಈಗಷ್ಟೇ ಸ್ಪಷ್ಟವಾಗಿರುವುದರಿಂದ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಋತುಚಕ್ರದ ಭಾಗ ನನಗೆ ಕಷ್ಟವೆನಿಸಲಿಲ್ಲ. ಮುಟ್ಟು ಮುಗಿದ ನಂತರ ಬೆಳೆಯುತ್ತಿರುವ ಅಂಡಕೋಶಿಕೆಯಿಂದ ಈಸ್ಟ್ರೋಜನ್‌ನ ಮುಖ್ಯ ರೂಪವಾದ ಈಸ್ಟ್ರಡೈಯಾಲ್ ಏರುತ್ತಾ ಹೋಗಿ, ಅಂಡ ಬಿಡುಗಡೆಗೆ ಒಂದೆರಡು ದಿನ ಮೊದಲು ಶಿಖರ ಮುಟ್ಟುತ್ತದೆ. ಅಂಡ ಹೊರಬಂದ ಮೇಲೆ ಪ್ರೊಜೆಸ್ಟರಾನ್ ಏರಿ, ಸುಮಾರು ಒಂದು ವಾರದಲ್ಲಿ ತನ್ನ ಶಿಖರಕ್ಕೆ ಬರುತ್ತದೆ. 2013ರಲ್ಲಿ ರೋನಿ ಮತ್ತು ಸಿಮನ್ಸ್ ಎಂಬ ಸಂಶೋಧಕರು ಗರ್ಭನಿರೋಧಕ ಮಾತ್ರೆ ಸೇವಿಸದ ಕಾಲೇಜು ಯುವತಿಯರ ಜೊಲ್ಲಿನ ಮಾದರಿಗಳನ್ನೂ ಅವರು ದಿನದಿನವೂ ದಾಖಲಿಸಿದ ಆಸಕ್ತಿಯನ್ನೂ ಹೋಲಿಸಿ ನೋಡಿದರು. ಎರಡು ದಿನ ಹಿಂದಿನ ಈಸ್ಟ್ರಡೈಯಾಲ್ ಹೆಚ್ಚಿದ್ದರೆ ಆಸಕ್ತಿಯೂ ಹೆಚ್ಚಿತ್ತು, ಪ್ರೊಜೆಸ್ಟರಾನ್ ಹೆಚ್ಚಿದ್ದಾಗ ಆಸಕ್ತಿ ತಗ್ಗಿತ್ತು; ಚಕ್ರದೊಳಗಿನ ಟೆಸ್ಟೋಸ್ಟರಾನ್ ಏರಿಳಿತಕ್ಕೂ ಆಸಕ್ತಿಗೂ ಅಂತಹ ನಂಟು ಕಾಣಲಿಲ್ಲ. ನನ್ನ ನಂಬಿಕೆ ಮೊದಲು ಸಡಿಲವಾದದ್ದು ಇಲ್ಲಿಯೇ. ಆದರೆ ಇದು ಸರಾಸರಿಯ ಮಾತು ಎಂಬುದನ್ನು ನೆನಪಿಡಬೇಕು: ಎಷ್ಟೋ ಮಹಿಳೆಯರಿಗೆ ಈ ಏರಿಳಿತ ಗಮನಕ್ಕೇ ಬರುವುದಿಲ್ಲ.

ಇಲ್ಲಿಂದ ನಾನು ಅವಸರದಲ್ಲಿ ಒಂದು ಸೂತ್ರ ಮಾಡಿಕೊಂಡೆ: ಈಸ್ಟ್ರಡೈಯಾಲ್ ಮುಂದಕ್ಕೆ ತಳ್ಳುತ್ತದೆ, ಪ್ರೊಜೆಸ್ಟರಾನ್ ತಡೆಯುತ್ತದೆ. ಬಾಣಂತಿಯ ವಿಷಯಕ್ಕೆ ಬಂದಾಗ ಈ ಸೂತ್ರ ನನ್ನನ್ನು ಕೈಬಿಟ್ಟಿತು. ಬಸಿರಿನಲ್ಲಿ ಈ ಎರಡೂ ಹಾರ್ಮೋನುಗಳನ್ನು ತಯಾರಿಸುತ್ತಿದ್ದ ಮಾಸು ಹೆರಿಗೆಯಲ್ಲಿ ಹೊರಬಿದ್ದ ಕೆಲವೇ ದಿನಗಳಲ್ಲಿ ಪ್ರೊಜೆಸ್ಟರಾನ್ ಪಾತಾಳಕ್ಕಿಳಿಯುತ್ತದೆ. ತಡೆಯೇ ಹೋಯಿತೆಂದ ಮೇಲೆ ಆಸಕ್ತಿ ಏರಬೇಕಲ್ಲವೇ? ಏರುವುದಿಲ್ಲ, ಏಕೆಂದರೆ ಮಾಸಿನೊಂದಿಗೆ ಈಸ್ಟ್ರೋಜನ್ ಕೂಡ ಹೋಗಿರುತ್ತದೆ. ತಡೆ ಇಲ್ಲದಿರುವುದು ಬೇರೆ, ತಳ್ಳುವ ಬಲ ಇರುವುದು ಬೇರೆ. ಋತುಬಂಧದಲ್ಲಿಯೂ ಪ್ರೊಜೆಸ್ಟರಾನ್ ಇರುವುದಿಲ್ಲ, ಅಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾದರೆ ಮಾಸು ಹೋದ ಮೇಲೆ ಅಂಡಾಶಯ ತನ್ನ ಕೆಲಸವನ್ನು ಏಕೆ ಮತ್ತೆ ಆರಂಭಿಸುವುದಿಲ್ಲ? ನಾನು ಎರಡು ದಿನ ಸಿಕ್ಕಿಹಾಕಿಕೊಂಡದ್ದು ಈ ಹಂತದಲ್ಲಿ, ಆದ್ದರಿಂದ ನಿಧಾನವಾಗಿ ಬಿಡಿಸಿ ಬರೆಯುತ್ತೇನೆ. ಅಂಡಾಶಯ ತಾನಾಗಿ ಈಸ್ಟ್ರೋಜನ್ ತಯಾರಿಸುವುದಿಲ್ಲ. ಮೆದುಳಿನ ಹೈಪೊಥಾಲಮಸ್ ಆಗಾಗ ಬಿಟ್ಟುಬಿಟ್ಟು ಒಂದು ಸಂಕೇತ ಕಳುಹಿಸುತ್ತದೆ; ಅದನ್ನು ಪಡೆದ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಎರಡು ಹಾರ್ಮೋನುಗಳ ರೂಪದಲ್ಲಿ ಅಂಡಾಶಯಕ್ಕೆ ಆದೇಶ ನೀಡುತ್ತದೆ; ಅಂಡಾಶಯ ಈಸ್ಟ್ರಡೈಯಾಲ್ ಮೂಲಕ ಉತ್ತರಿಸುತ್ತದೆ. ಆ ಉತ್ತರ ಸಾಕಷ್ಟು ಬಂದರೆ ಪಿಟ್ಯುಟರಿ ತನ್ನ ಆದೇಶವನ್ನು ತಗ್ಗಿಸುತ್ತದೆ, ಬಾರದಿದ್ದರೆ ಹೆಚ್ಚಿಸುತ್ತದೆ. ಮಗು ಮೊಲೆ ಚೀಪಿದಾಗಲೆಲ್ಲ ಹಾಲು ಉತ್ಪಾದಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರುತ್ತದೆ, ಮತ್ತು ಅದು ಹೈಪೊಥಾಲಮಸ್‌ನ ಸಂಕೇತವನ್ನೇ ಅಡಗಿಸುತ್ತದೆ. ಸಂಕೇತವಿಲ್ಲದೆ ಆದೇಶವಿಲ್ಲ, ಆದೇಶವಿಲ್ಲದೆ ಉತ್ತರವಿಲ್ಲ. ಬಾಣಂತಿಯ ಅಂಡಾಶಯ ಆರೋಗ್ಯವಾಗಿಯೇ ಇರುತ್ತದೆ. ಅದಕ್ಕೆ ಕರೆ ಬಂದಿರುವುದಿಲ್ಲ, ಅಷ್ಟೇ.

ಋತುಬಂಧದಲ್ಲಿ ಇದು ತಿರುವುಮುರುವಾಗುತ್ತದೆ. ಅಂಡಕೋಶಿಕೆಗಳು ಮುಗಿದುಹೋಗಿರುವುದರಿಂದ ಎಷ್ಟು ಕೂಗಿದರೂ ಅಂಡಾಶಯ ಉತ್ತರಿಸುವುದಿಲ್ಲ, ಪಿಟ್ಯುಟರಿ ಮಾತ್ರ ಆದೇಶವನ್ನು ಏರಿಸುತ್ತಲೇ ಇರುತ್ತದೆ. ಹಾಗಾಗಿ ಈಸ್ಟ್ರೋಜನ್ ಕಡಿಮೆ ಎಂಬ ಒಂದೇ ಸಾಲು ಎರಡೂ ಕಡೆ ನಿಜವಾದರೂ, ಪಕ್ಕದಲ್ಲಿರುವ ಎಫ್‌ಎಸ್‌ಎಚ್ ನೋಡದೆ ಅದಕ್ಕೆ ಅರ್ಥವಿಲ್ಲ. ಅಭ್ಯಾಸಕ್ಕೆಂದು ನಾನೇ ಎರಡು ವರದಿಗಳನ್ನು ಕಲ್ಪಿಸಿಕೊಂಡೆ. ಮೊದಲನೆಯದರಲ್ಲಿ ಈಸ್ಟ್ರಡೈಯಾಲ್ ಮಿಲಿಲೀಟರಿಗೆ 18 ಪಿಕೊಗ್ರಾಂ, ಎಫ್‌ಎಸ್‌ಎಚ್ ಲೀಟರಿಗೆ 4 ಯೂನಿಟ್, ಪ್ರೊಲ್ಯಾಕ್ಟಿನ್ ಮಿಲಿಲೀಟರಿಗೆ 85 ನ್ಯಾನೊಗ್ರಾಂ. ಎರಡನೆಯದರಲ್ಲಿ, ಅದೇ ಮಾನಗಳಲ್ಲಿ, ಈಸ್ಟ್ರಡೈಯಾಲ್ 12, ಎಫ್‌ಎಸ್‌ಎಚ್ 70, ಪ್ರೊಲ್ಯಾಕ್ಟಿನ್ 10. ಮೊದಲನೆಯವರು ಹೆರಿಗೆಯಾಗಿ ನಾಲ್ಕು ತಿಂಗಳಾದ, ಎದೆಹಾಲು ಉಣಿಸುತ್ತಿರುವ ತಾಯಿ. ಎರಡನೆಯವರು ಮುಟ್ಟು ನಿಂತು ಎರಡು ವರ್ಷವಾದ ಮಹಿಳೆ. ಮೊದಲನೆಯವರ ಸ್ಥಿತಿ ಹಾಲು ಬಿಡಿಸುತ್ತಾ ಬಂದಂತೆ ತಾನಾಗಿ ಮರಳುತ್ತದೆ, ಎರಡನೆಯವರದು ಮರಳುವುದಿಲ್ಲ.

ಇಬ್ಬರ ದೂರು ಮಾತ್ರ ಒಂದೇ ಆಗಿರಬಹುದು. ಈಸ್ಟ್ರೋಜನ್ ಇಲ್ಲದೆ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ಕೂಡುವಾಗ ಉರಿ ಮತ್ತು ನೋವು ಬರುತ್ತದೆ. ಮೂರ್ನಾಲ್ಕು ಬಾರಿ ನೋವು ಅನುಭವಿಸಿದ ದೇಹ ಮುಂದಿನ ಬಾರಿ ಮೊದಲೇ ಹಿಂಜರಿಯುತ್ತದೆ. ಆಗ "ಮನಸ್ಸೇ ಆಗುವುದಿಲ್ಲ" ಎಂದು ಅವರು ಹೇಳಿದರೆ, ಮನಸ್ಸು ಮೊದಲು ಹೋಯಿತೋ ನೋವು ಮೊದಲು ಬಂದಿತೋ ಎಂದು ಕೇಳಲೇಬೇಕು. ನೋವು ಮೊದಲು ಬಂದಿದ್ದರೆ ಜಾರುಕ ದ್ರವವೋ, ವೈದ್ಯರು ಸೂಚಿಸಿದ ಕಡಿಮೆ ಪ್ರಮಾಣದ ಯೋನಿ ಈಸ್ಟ್ರೋಜನ್ ಕ್ರೀಮೋ ಸಾಕಾಗಬಹುದು. ಬಾಣಂತಿಯ ವಿಷಯದಲ್ಲಿ ಇನ್ನೊಂದು ಮಿತಿ ಇದೆ: ಹಾಲುಣಿಸದ ತಾಯಂದಿರಲ್ಲಿ ಪ್ರೊಲ್ಯಾಕ್ಟಿನ್ ಎರಡು ಮೂರು ವಾರಗಳಲ್ಲಿ ಇಳಿದರೂ ಆಸಕ್ತಿ ಕೂಡಲೇ ಮರಳದಿರುವುದುಂಟು. ಹೊಲಿಗೆಯ ಗಾಯ, ನಿದ್ರೆಗೇಡು, ಖಿನ್ನತೆ ಇವುಗಳಲ್ಲಿ ಯಾವುದೂ ಹಾರ್ಮೋನ್ ವರದಿಯಲ್ಲಿ ಕಾಣುವುದಿಲ್ಲ.

ಟೆಸ್ಟೋಸ್ಟರಾನ್‌ಗೆ ನಿಜವಾದ ಸ್ಥಾನವಿರುವುದು ಮೂರನೆಯ ಸ್ಥಿತಿಯಲ್ಲಿ, ಅದೂ ನಾನು ಅಂದುಕೊಂಡ ರೀತಿಯಲ್ಲಿ ಅಲ್ಲ. ಸಹಜವಾಗಿ ಮುಟ್ಟು ನಿಂತಾಗ ಅದು ಥಟ್ಟನೆ ಕುಸಿಯುವುದಿಲ್ಲ. ಇಪ್ಪತ್ತರ ಹರೆಯದಿಂದಲೇ ನಿಧಾನವಾಗಿ ಇಳಿಯುತ್ತಾ ಬಂದಿರುತ್ತದೆ, ಮತ್ತು ಋತುಬಂಧದ ನಂತರವೂ ಅಂಡಾಶಯ ಅದನ್ನು ಸ್ವಲ್ಪ ಸ್ವಲ್ಪ ತಯಾರಿಸುತ್ತದೆ. ಎರಡೂ ಅಂಡಾಶಯಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ ಮಾತ್ರ ಕೆಲವೇ ದಿನಗಳಲ್ಲಿ ಸುಮಾರು ಅರ್ಧದಷ್ಟು ಇಲ್ಲವಾಗುತ್ತದೆ. ನಮ್ಮಲ್ಲಿ "ಗರ್ಭಕೋಶ ತೆಗೆಸಿದ್ದಾರೆ" ಎಂದಷ್ಟೇ ಹೇಳುವ ರೂಢಿ ಇದೆ. ಗರ್ಭಕೋಶ ಮಾತ್ರ ಹೋಗಿದ್ದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನುಗಳು ಉಳಿಯುತ್ತವೆ. ಅಂಡಾಶಯಗಳೂ ಹೋಗಿದ್ದರೆ ಎಲ್ಲವೂ ಬೇರೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಚೀಟಿಯನ್ನು ತೆಗೆದು ಓದುವುದು ರಕ್ತಪರೀಕ್ಷೆಗಿಂತ ಮೊದಲಿನ ಕೆಲಸ.

ನನ್ನ ಮೂರನೆಯ ಕಲ್ಪಿತ ವರದಿ ಇಂತಹವರದೇ. 42 ವರ್ಷ, ಎರಡೂ ಅಂಡಾಶಯಗಳನ್ನು ಗರ್ಭಕೋಶದೊಂದಿಗೆ ತೆಗೆದು ಆರು ತಿಂಗಳಾಗಿದೆ, ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದಾರೆ. ಮೈ ಬಿಸಿಯೇರುವುದು ನಿಂತಿದೆ, ಒಣಗುವಿಕೆಯೂ ಇಲ್ಲ, ನೋವೂ ಇಲ್ಲ, ಆದರೆ ಆಸಕ್ತಿ ಮರಳಿಲ್ಲ. ನುಂಗಿದ ಈಸ್ಟ್ರೋಜನ್ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆ ಪ್ರೋಟೀನು ಟೆಸ್ಟೋಸ್ಟರಾನ್ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ, ಮೊದಲೇ ಅರ್ಧಕ್ಕಿಳಿದದ್ದರಲ್ಲಿ ಕೆಲಸಕ್ಕೆ ಸಿಗುವ ಪಾಲು ಇನ್ನಷ್ಟು ಕುಗ್ಗುತ್ತದೆ. ಚರ್ಮದ ಮೂಲಕ ಕೊಡುವ ಪ್ಯಾಚ್ ಅಥವಾ ಜೆಲ್ ಯಕೃತ್ತಿನ ಆ ಮೊದಲ ಸುತ್ತನ್ನು ತಪ್ಪಿಸುತ್ತದೆ, ಹಾಗಾಗಿ ವೈದ್ಯರು ಮೊದಲು ಯೋಚಿಸಬಹುದಾದ ಬದಲಾವಣೆ ಅದು. ಅದರಿಂದಲೂ ಆಗದೆ, ಆಸಕ್ತಿಯ ಕೊರತೆ ಆಕೆಯನ್ನೇ ಬಾಧಿಸುತ್ತಿದ್ದರೆ, ಬೇರೆ ಕಾರಣಗಳನ್ನು ಪರಿಶೀಲಿಸಿದ ಮೇಲೆ ಟೆಸ್ಟೋಸ್ಟರಾನ್ ಕೊಡುವ ಮಾತು ಬರುತ್ತದೆ. 2019ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ ಮಹಿಳೆಯರಿಗೆ ಅದನ್ನು ಒಪ್ಪಿದ್ದು ಋತುಬಂಧದ ನಂತರದ ಈ ಒಂದು ತೊಂದರೆಗೆ ಮಾತ್ರ. ರಕ್ತದಲ್ಲಿನ ಟೆಸ್ಟೋಸ್ಟರಾನ್ ಅಂಕಿಯೊಂದನ್ನೇ ನೋಡಿ ಈ ತೊಂದರೆ ಇದೆ ಎಂದು ನಿರ್ಧರಿಸಲಾಗದು ಎಂದೂ ಅದೇ ಹೇಳಿಕೆ ತಿಳಿಸುತ್ತದೆ.