ಹಗಲಲ್ಲೂ ಇಳಿಯದ ಕಾರ್ಬನ್ ಡೈಆಕ್ಸೈಡ್

ಕಲಬುರಗಿಯಲ್ಲಿ ಕಿರಾಣಿ ಅಂಗಡಿ ನಡೆಸುವ 52 ವರ್ಷದ ಹೆಣ್ಣುಮಗಳೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎತ್ತರ 150 ಸೆಂ.ಮೀ., ತೂಕ 98 ಕಿಲೊ. ಅಂದರೆ ಬಿಎಂಐ 43ಕ್ಕಿಂತ ಜಾಸ್ತಿ. ಬೆಳಿಗ್ಗೆ ಎದ್ದರೆ ತಲೆನೋವು, ಸಂಜೆ ಹೊತ್ತಿಗೆ ಕಾಲು ಬಾವು. ಮಗಳು ಡಾಕ್ಟರ ಮುಂದೆ ಹೇಳುತ್ತಾಳೆ: "ಅವ್ವ ಮಾತಾಡ್ಕೋತ ಮಾತಾಡ್ಕೋತನೇ ಮಲಗಿಬಿಡ್ತಾಳ್ರಿ. ರಾತ್ರಿ ಗೊರಕಿ ಪಕ್ಕದ ಮನಿಗೂ ಕೇಳಸ್ತದ."

ಇದನ್ನು ಕೇಳಿದ ತಕ್ಷಣ ಸ್ಲೀಪ್ ಅಪ್ನಿಯಾ ಎನಿಸುತ್ತದೆ. ಅದು ಇದ್ದೇ ಇರಬಹುದು. ಆದರೆ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ, ಎಚ್ಚರವಾಗಿ ಕೂತಿರುವಾಗಲೇ ರಕ್ತದ ಆಕ್ಸಿಜನ್ ಶೇ. 87 ತೋರಿಸುತ್ತದೆ. ಬರೀ ಸ್ಲೀಪ್ ಅಪ್ನಿಯಾದಲ್ಲಿ ಹಗಲು ಹೀಗಾಗುವುದಿಲ್ಲ.

ಸ್ಲೀಪ್ ಅಪ್ನಿಯಾದಲ್ಲಿ ತೊಂದರೆ ಇರುವುದು ಗಂಟಲಲ್ಲಿ. ನಿದ್ದೆಯಲ್ಲಿ ಅಲ್ಲಿನ ಸ್ನಾಯು ಸಡಿಲಾಗಿ ದಾರಿ ಮುಚ್ಚುತ್ತದೆ, ಉಸಿರು ಕಟ್ಟುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಅರೆ ಎಚ್ಚರವಾಗಿ ನಾಲ್ಕು ಸಲ ಜೋರಾಗಿ ಉಸಿರಾಡಿದರೆ ಏರಿದ್ದೆಲ್ಲ ಹೊರಗೆ ಹೋಗುತ್ತದೆ. ಹಗಲಲ್ಲಿ ರಕ್ತದ ಲೆಕ್ಕ ಸರಿಯಾಗಿಯೇ ಇರುತ್ತದೆ.

ಈ ಹೆಣ್ಣುಮಗಳಲ್ಲಿ ಹೊರಗೆ ಹಾಕುವ ಕೆಲಸವೇ ಹಿಂದೆ ಬಿದ್ದಿದೆ. ಎದೆ ಮತ್ತು ಹೊಟ್ಟೆಯ ಭಾರದಿಂದ ಶ್ವಾಸಕೋಶ ಪೂರ್ತಿ ಹಿಗ್ಗುವುದಿಲ್ಲ. ರಾತ್ರಿ ಏರಿದ ಕಾರ್ಬನ್ ಡೈಆಕ್ಸೈಡ್ ಬೆಳಗಾಗುವುದರೊಳಗೆ ಇಳಿಯುವುದಿಲ್ಲ. ಅದರಿಂದ ರಕ್ತ ಹುಳಿಯಾಗದಂತೆ ಮೂತ್ರಪಿಂಡವು ಹುಳಿ ತಗ್ಗಿಸುವ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನರ್ಥ ಆಗುವುದು ಇಲ್ಲೇ. ಹುಳಿ ಹೆಚ್ಚಿದೆ ಎಂಬ ಸೂಚನೆ ಸಿಕ್ಕರೆ ತಾನೆ ಮಿದುಳು ಉಸಿರಿನ ವೇಗ ಏರಿಸುವುದು? ಬೈಕಾರ್ಬೊನೇಟ್ ಆ ಸೂಚನೆಯನ್ನೇ ಮಂಕಾಗಿಸುತ್ತದೆ. ದಿನ ಕಳೆದಂತೆ ಮಿದುಳು ಹೆಚ್ಚಿನ ಮಟ್ಟಕ್ಕೆ ಒಗ್ಗಿಹೋಗುತ್ತದೆ. ಈ ಕಾಯಿಲೆಯ ಹೆಸರು ಒಬೆಸಿಟಿ ಹೈಪೊವೆಂಟಿಲೇಶನ್ ಸಿಂಡ್ರೋಮ್. ಇದಿರುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಸ್ಲೀಪ್ ಅಪ್ನಿಯಾವೂ ಇರುತ್ತದೆ. ಅದಕ್ಕೇ ಇದು ಅದರ ಮರೆಯಲ್ಲಿ ಉಳಿದುಬಿಡುತ್ತದೆ.

ಮೊದಲ ಸುಳಿವು ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಸಿಗುತ್ತದೆ. ಅನುಮಾನ ಅಷ್ಟೇನೂ ಬಲವಾಗಿಲ್ಲದಿದ್ದಾಗ, ಬೈಕಾರ್ಬೊನೇಟ್ 27ಕ್ಕಿಂತ ಕಡಿಮೆ ಇದ್ದರೆ ಈ ಕಾಯಿಲೆ ಇರುವ ಸಾಧ್ಯತೆ ತುಂಬಾ ಕಡಿಮೆ. ಇವರದು 32. ಆದರೆ ಕಾಲುಬಾವಿಗೆ ಮೂತ್ರದ ಮಾತ್ರೆ ತಗೊಂಡರೂ ಇದು ಏರುತ್ತದೆ. ಹಾಗಾಗಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಅದರಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಿಸಲೇಬೇಕು. ಅಲ್ಲಿ ಕಾರ್ಬನ್ ಡೈಆಕ್ಸೈಡ್ 45 ಮಿ.ಮೀ. ಪಾದರಸದ ಒತ್ತಡ ಮೀರಬಾರದು. ಇವರಿಗೆ 58 ಬಂತು. ರಕ್ತ ಎಷ್ಟು ಹುಳಿ ಎಂದು ತೋರಿಸುವ ಪಿಎಚ್ 7.36, ಅಂದರೆ ಬಹುತೇಕ ಸರಿ. ಇದು ನಿನ್ನೆ ಮೊನ್ನೆಯದಲ್ಲ, ಬಹಳ ದಿನಗಳಿಂದ ನಡೆದುಬಂದದ್ದು ಎಂದು ಈ ಜೋಡಿ ಸಂಖ್ಯೆಗಳೇ ಹೇಳುತ್ತವೆ. ನಮ್ಮ ಕಡೆ ವರ್ಷಾನುಗಟ್ಟಲೆ ಕಟ್ಟಿಗೆ ಒಲೆ ಮುಂದೆ ರೊಟ್ಟಿ ಬಡಿದವರಿಗೆ ಹೊಗೆಯಿಂದಲೇ ಶ್ವಾಸಕೋಶ ಕೆಟ್ಟಿರಬಹುದು. ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿ, ಥೈರಾಯ್ಡ್ ಪರೀಕ್ಷೆ ಮಾಡಿ ಅಂಥ ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲಷ್ಟೇ ಈ ಹೆಸರು ಕೊಡಬೇಕು.

ನನಗೆ ಹೆಚ್ಚು ಕಳವಳ ಇರುವುದು ಮುಂದಿನ ಹೆಜ್ಜೆಯ ಬಗ್ಗೆ. 87 ನೋಡಿ ಗಾಬರಿಯಾಗಿ, ಸುಮ್ನೆ ಆಕ್ಸಿಜನ್ ಹಚ್ಚಿ ಮಲಗಿಸಿಬಿಡುವುದುಂಟು. ಆಕ್ಸಿಮೀಟರ್ 98 ತೋರಿಸುತ್ತದೆ, ಮನೆಯವರಿಗೆ ಸಮಾಧಾನ. ಆದರೆ ಉಸಿರಾಟವನ್ನು ಇಷ್ಟಾದರೂ ನಡೆಸುತ್ತಿದ್ದ ಪ್ರಚೋದನೆಗಳಲ್ಲಿ ಆಕ್ಸಿಜನ್ ಕೊರತೆಯೂ ಒಂದು. ಅದನ್ನು ತೆಗೆದರೆ ಉಸಿರು ಇನ್ನೂ ಮಂದವಾಗಿ ಕಾರ್ಬನ್ ಡೈಆಕ್ಸೈಡ್ ಮತ್ತಷ್ಟು ಏರಬಹುದು. ರೋಗಿ ತೊದಲುತ್ತಾರೆ, ಕೈ ಚಾಚಿದರೆ ಅಂಗೈ ಅದುರುತ್ತದೆ, ಕೂಗಿದರೂ ಸರಿಯಾಗಿ ಏಳುವುದಿಲ್ಲ. ಆಕ್ಸಿಮೀಟರಿಗೆ ಕಾರ್ಬನ್ ಡೈಆಕ್ಸೈಡ್ ಕಾಣಿಸುವುದೇ ಇಲ್ಲ. ಆಕ್ಸಿಜನ್ ಕೊಡಲೇಬೇಕಾದರೆ 88ರಿಂದ 92ರ ನಡುವೆ ನಿಲ್ಲುವಷ್ಟೇ ಕೊಡುತ್ತಾರೆ. ನಿದ್ದೆ ಮಾತ್ರೆ, ಹೆಂಡ ಎರಡೂ ಬೇಡ.

ನಿಜವಾದ ಚಿಕಿತ್ಸೆ ಗಾಳಿಯ ಒತ್ತಡ. ಸಿಪ್ಯಾಪ್ ಯಂತ್ರ ಮಾಸ್ಕಿನ ಮೂಲಕ ಒಂದೇ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲನ್ನು ತೆರೆದಿಡುತ್ತದೆ. ತೀವ್ರ ಸ್ಲೀಪ್ ಅಪ್ನಿಯಾವೂ ಇದ್ದು ರೋಗಿ ಸ್ಥಿರವಾಗಿದ್ದರೆ ಎಷ್ಟೋ ಮಂದಿಗೆ ಇದೇ ಸಾಕು. ರಾತ್ರಿಯ ಏರಿಕೆ ನಿಂತರೆ ಹಗಲಿನದೂ ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಬೈಪ್ಯಾಪ್ ಯಂತ್ರದಲ್ಲಿ ಎರಡು ಒತ್ತಡ. ಉಸಿರು ಎಳೆದಾಗ ಜಾಸ್ತಿ, ಬಿಟ್ಟಾಗ ಕಡಿಮೆ. ಆ ವ್ಯತ್ಯಾಸವೇ ಎದೆಯನ್ನು ಹಿಗ್ಗಿಸಿ ಹಳೆ ಗಾಳಿಯನ್ನು ಹೊರಗೆ ಹಾಕಿಸುತ್ತದೆ. ಮಂಪರು ಬಂದು ಆಸ್ಪತ್ರೆ ಸೇರಿದವರಿಗೆ ಮೊದಲೇ ಬೈಪ್ಯಾಪ್ ಬೇಕು. ಅಂಥವರನ್ನು ಆ ಯಂತ್ರದ ಜೊತೆಗೇ ಮನೆಗೆ ಕಳಿಸಿ, ಮೂರು ತಿಂಗಳೊಳಗೆ ನಿದ್ರಾ ಪರೀಕ್ಷೆ ಮಾಡಿ, ಮುಂದೆ ಯಾವುದು ಸಾಕು ಎಂದು ನಿರ್ಧರಿಸುತ್ತಾರೆ.

ಕಾಯಿಲೆ ಬುಡಸಮೇತ ಹೋಗಬೇಕಾದರೆ ತೂಕ ಶೇ. 25ರಿಂದ 30ರಷ್ಟು ಇಳಿಯಬೇಕಾಗಬಹುದು. ಇವರ ಲೆಕ್ಕದಲ್ಲಿ ಅದು 25ರಿಂದ 29 ಕಿಲೊ. ಊಟ, ನಡಿಗೆಯಿಂದಲೇ ಇಷ್ಟು ಇಳಿಸಿ ಉಳಿಸಿಕೊಳ್ಳುವುದು ಬಹಳ ಕಷ್ಟ. ಅದಕ್ಕೇ ತೂಕ ಇಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿಯವರೆಗೆ ಯಂತ್ರ ಪ್ರತಿ ರಾತ್ರಿಯೂ ಬೇಕು. ಬೇಸಿಗೆಯಲ್ಲಿ ಬಾಯಿ ಒಣಗುತ್ತದೆ, ಮಾಸ್ಕಿನ ಕೆಳಗೆ ಬೆವರುತ್ತದೆ, ಕರೆಂಟ್ ಹೋಗುತ್ತದೆ. ಯಂತ್ರಕ್ಕೆ ಹ್ಯುಮಿಡಿಫೈಯರ್ ಜೋಡಿಸಿಕೊಳ್ಳಿ, ಮನೆಗೆ ಇನ್ವರ್ಟರ್ ಹಾಕಿಸಿ, ಮಾಸ್ಕಿನ ಅಳತೆ ಸರಿಯಿಲ್ಲದಿದ್ದರೆ ಬದಲಿಸಿ. ಯಂತ್ರ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕೆಲವು ವಾರದ ನಂತರ ಎಬಿಜಿ ಮತ್ತೆ ಮಾಡಿಸಬೇಕು. 58 ಇದ್ದದ್ದು 45ರ ಹತ್ತಿರ ಬಂದಿರಬೇಕು. ಬರದಿದ್ದರೆ ಮೊದಲು ನೋಡುವುದು ಯಂತ್ರದೊಳಗಿನ ದಾಖಲೆ: ರಾತ್ರಿಗೆ ಎಷ್ಟು ತಾಸು ಹಾಕಿದ್ದಾರೆ, ಮಾಸ್ಕಿನಿಂದ ಎಷ್ಟು ಗಾಳಿ ಸೋರಿದೆ. ಅವೆರಡೂ ಸರಿಯಿದ್ದರೆ ಸಿಪ್ಯಾಪ್ ಬಿಟ್ಟು ಬೈಪ್ಯಾಪಿಗೆ ಹೋಗಬೇಕು, ಬೈಪ್ಯಾಪೇ ಇದ್ದರೆ ಒತ್ತಡ ಏರಿಸಬೇಕು.