ಕ್ರಿಯಾಟಿನ್: ಸಸ್ಯಾಹಾರಿಯ ಸ್ನಾಯುವಿನಲ್ಲಿ ಉಳಿದಿರುವ ಜಾಗ

ಭಾರ ಎತ್ತುವಾಗ, ಜೋರಾಗಿ ಓಡುವಾಗ ಸ್ನಾಯುವಿಗೆ ಮೊದಲ ಕೆಲವು ಸೆಕೆಂಡುಗಳ ಶಕ್ತಿ ಒದಗಿಸಲು ನೆರವಾಗುವ ವಸ್ತು ಕ್ರಿಯಾಟಿನ್. ಮೂತ್ರಪಿಂಡ ಮತ್ತು ಯಕೃತ್ತು ಸೇರಿ ಅಮೈನೊ ಆಮ್ಲಗಳಿಂದ ಇದನ್ನು ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದ ಹೆಚ್ಚುಕಡಿಮೆ ಇನ್ನೊಂದು ಗ್ರಾಂ ದಕ್ಕುತ್ತದೆ. ಕಾಳು, ತರಕಾರಿ, ಹಣ್ಣುಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಲಿನಲ್ಲಿ ಇರುವುದೂ ಅತ್ಯಲ್ಪ. ಹಾಗಾಗಿ ಈ ಒಂದು ವಿಷಯದಲ್ಲಿ ಹಾಲು ಕುಡಿಯುವ ಸಸ್ಯಾಹಾರಿಗೂ ವೀಗನ್‌ಗೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಇದನ್ನು ಕೊರತೆಯ ಕಾಯಿಲೆ ಎನ್ನಲಾಗದು. ದೇಹ ತನ್ನ ಪಾಡಿಗೆ ತಾನು ನಿಭಾಯಿಸಿಕೊಳ್ಳುತ್ತದೆ. ಆದರೆ ಸಸ್ಯಾಹಾರಿಗಳ ಸ್ನಾಯುವಿನಲ್ಲಿರುವ ದಾಸ್ತಾನು ಸರಾಸರಿಯಲ್ಲಿ ಕಡಿಮೆ ಇರುತ್ತದೆ. ಅಂಗಡಿಯಲ್ಲಿ ಸಿಗುವ ಕ್ರಿಯಾಟಿನ್ ಪುಡಿ ತೆಗೆದುಕೊಂಡಾಗ ಅವರಲ್ಲಿ ಪರಿಣಾಮ ದೊಡ್ಡದಾಗಿ ಕಾಣುವ ಗುಟ್ಟು ಇಲ್ಲಿದೆ. ಸ್ನಾಯು ಹಿಡಿದಿಡಬಲ್ಲ ಕ್ರಿಯಾಟಿನ್‌ಗೆ ಒಂದು ಮೇಲ್ಮಿತಿ ಉಂಟು. ಅದು ಒಂದು ಕಿಲೋ ಒಣ ಸ್ನಾಯುವಿಗೆ ಸುಮಾರು 150ರಿಂದ 160 ಮಿಲಿಮೋಲ್. ಮಾಂಸಾಹಾರಿಯೊಬ್ಬರ ಸ್ನಾಯುವಿನಲ್ಲಿ ಈಗ 125 ಇದೆ, ಸಸ್ಯಾಹಾರಿಯೊಬ್ಬರಲ್ಲಿ 100 ಇದೆ ಎಂದಿಟ್ಟುಕೊಳ್ಳಿ. ಇಬ್ಬರೂ 150ಕ್ಕೆ ಮುಟ್ಟಿದರೆ ಮೊದಲನೆಯವರಿಗೆ ಸಿಕ್ಕ ಏರಿಕೆ 25, ಎರಡನೆಯವರಿಗೆ 50. ಪುಡಿಯೂ ಅದೇ, ಪ್ರಮಾಣವೂ ಅದೇ. ಖಾಲಿ ಜಾಗ ಮಾತ್ರ ಬೇರೆ. ಈಗಾಗಲೇ ತುಂಬಿರುವ ಸ್ನಾಯು ಹೊಸದನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. 2003ರಲ್ಲಿ ಪ್ರಕಟವಾದ, ಭಾರ ಎತ್ತುವ ತರಬೇತಿಯೊಡನೆ ನಡೆದ ಒಂದು ಅಧ್ಯಯನದಲ್ಲಿ ಕ್ರಿಯಾಟಿನ್ ಪಡೆದ ಸಸ್ಯಾಹಾರಿಗಳ ಸ್ನಾಯುವಿನ ದಾಸ್ತಾನು ಮಾಂಸಾಹಾರಿಗಳದ್ದಕ್ಕಿಂತ ಹೆಚ್ಚು ಏರಿತ್ತು.

ಆದರೂ ಇದು ಸರಾಸರಿಯ ಮಾತು. ಸಸ್ಯಾಹಾರಿಗಳೆಲ್ಲರೂ 100ರಲ್ಲೇ ಇರುತ್ತಾರೆಂದಲ್ಲ. ದಾಸ್ತಾನು ಹೆಚ್ಚಿದಷ್ಟೇ ಬಲವೂ ಹೆಚ್ಚುತ್ತದೆ ಎಂಬ ಲೆಕ್ಕವೂ ನಿಲ್ಲದು. ಸಾಮರ್ಥ್ಯದ ಪರೀಕ್ಷೆಗಳಲ್ಲಿ ಸಸ್ಯಾಹಾರಿಗಳ ಮೇಲುಗೈ ಪ್ರತಿ ಬಾರಿಯೂ ಕಂಡಿಲ್ಲ. ಮಿದುಳಿನ ಕಥೆಯಂತೂ ಬೇರೆಯೇ. ಅದು ತನಗೆ ಬೇಕಾದ ಕ್ರಿಯಾಟಿನ್ನನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುವುದರಿಂದ ಸಸ್ಯಾಹಾರಿ, ಮಾಂಸಾಹಾರಿ ಇಬ್ಬರಲ್ಲೂ ಮಟ್ಟ ಹೆಚ್ಚುಕಡಿಮೆ ಒಂದೇ. ನೆನಪಿನ ಶಕ್ತಿಗೆಂದು ಡಬ್ಬಿ ಕೊಳ್ಳುವವರು ದೊಡ್ಡ ಆಸೆ ಇಟ್ಟುಕೊಳ್ಳದಿರುವುದು ಲೇಸು.

ದಿನಕ್ಕೆ 3ರಿಂದ 5 ಗ್ರಾಂ ಕ್ರಿಯಾಟಿನ್ ಮೊನೊಹೈಡ್ರೇಟ್ ತೆಗೆದುಕೊಂಡರೆ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯು ತುಂಬುತ್ತದೆ. ಮೊದಲ ವಾರಗಳಲ್ಲಿ ತೂಕ ಒಂದು ಕಿಲೋದಷ್ಟು ಏರಿದರೆ ಅದು ಬಹುಪಾಲು ನೀರು, ಹೊಸ ಮಾಂಸಖಂಡವಲ್ಲ. ಪುಡಿಯನ್ನು ರಾಸಾಯನಿಕ ವಿಧಾನದಲ್ಲಿ ತಯಾರಿಸುವುದರಿಂದ ಅದರಲ್ಲಿ ಪ್ರಾಣಿಮೂಲದ್ದು ಇರುವುದಿಲ್ಲ. ಕ್ಯಾಪ್ಸೂಲ್ ಆದರೆ ಅದರ ಹೊದಿಕೆ ಜೆಲಾಟಿನ್ ಇರಬಹುದು, ಲೇಬಲ್ ಓದಬೇಕು. ರಕ್ತಪರೀಕ್ಷೆಗೆ ಹೋಗುವಾಗ ಇದನ್ನು ತೆಗೆದುಕೊಳ್ಳುತ್ತಿರುವ ವಿಷಯವನ್ನು ವೈದ್ಯರಿಗೆ ತಿಳಿಸಿ. ಕ್ರಿಯಾಟಿನ್ ಒಡೆದು ಆಗುವ ಕ್ರಿಯಾಟಿನಿನ್ ತುಸು ಏರಿ, ಸರಿಯಾಗಿಯೇ ಇರುವ ಮೂತ್ರಪಿಂಡವೂ ಸೋತಿದೆ ಎಂಬಂತೆ ವರದಿ ಕಾಣಬಹುದು. ಮೂತ್ರಪಿಂಡದ ತೊಂದರೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.